ಮುಚ್ಚಿದ ಖಾತೆ, ಮುಚ್ಚಿದಂತೆ ಕಾಣುವ ಖಾತೆ

ಕಾಲೇಜಿನಲ್ಲಿ ಅಕೌಂಟೆನ್ಸಿ ಕಲಿಸಿದ ಮೇಷ್ಟ್ರು ವರ್ಷದ ಕೊನೆಯ ಎಂಟ್ರಿಗಳನ್ನು ಬರೆಸಿ, ಪ್ರತಿ ಖಾತೆಯ ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆಸುತ್ತಿದ್ದರು. ಗೆರೆ ಸೊಟ್ಟಗಾದರೆ ಬೈಗುಳ. ಆಮೇಲೆ ನಾಡು ಬಿಟ್ಟು ಬಂದೆ, ಇಲ್ಲಿನ ಆಫೀಸಿನಲ್ಲಿ ಲೆಕ್ಕ ನೋಡುವ ಕೆಲಸಕ್ಕೆ ಸೇರಿದೆ. ಮೊದಲ ವರ್ಷದ ಕೊನೆಯಲ್ಲಿ ಮೇಲಿನವರನ್ನು ಕೇಳಿದೆ, 'ಕ್ಲೋಸಿಂಗ್ ಎಂಟ್ರಿ ಯಾವಾಗ ಹಾಕೋಣ?' ಅವರು ನನ್ನ ಮುಖ ನೋಡಿ, 'ಅದನ್ನು ಯಾರೂ ಹಾಕಲ್ಲ, ತಾನೇ ಆಗುತ್ತೆ' ಅಂದರು. ತಾನೇ ಆಗೋದು ಅಂದರೆ ಏನು ಅಂತ ಅರ್ಥವಾಗೋಕೆ ನನಗೆ ಒಂದು ದೊಡ್ಡ ಎಡವಟ್ಟೇ ಬೇಕಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನಾವು ಕಲಿತ ರೀತಿ. ಬಾಡಿಗೆ, ಸಂಬಳ, ಬಡ್ಡಿ, ಕಮಿಷನ್ ಇವೆಲ್ಲ ನಾಮಮಾತ್ರ ಖಾತೆಗಳು. ಹೆಸರೇ ಹೇಳುವ ಹಾಗೆ ಇವುಗಳ ಹಿಂದೆ ವಸ್ತುವೂ ಇಲ್ಲ, ವ್ಯಕ್ತಿಯೂ ಇಲ್ಲ. ಕಟ್ಟಿದ ಬಾಡಿಗೆಯನ್ನು ಯಾರೂ ವಾಪಸ್ ಕೊಡುವುದಿಲ್ಲ, ಅದನ್ನು ಮಾರುವುದಕ್ಕೂ ಆಗುವುದಿಲ್ಲ. ಈ ವರ್ಷ ಎಷ್ಟು ಖರ್ಚಾಯಿತು, ಎಷ್ಟು ಆದಾಯ ಬಂತು ಅನ್ನುವ ಎಣಿಕೆ ಅಷ್ಟೇ. ವರ್ಷ ಮುಗಿದ ಮೇಲೆ ಎಣಿಕೆ ಸೊನ್ನೆಗೆ ಬರಬೇಕು, ಇಲ್ಲದಿದ್ದರೆ ಮುಂದಿನ ವರ್ಷದ ಬಾಡಿಗೆಯ ಜೊತೆ ಈ ವರ್ಷದ್ದೂ ಸೇರಿಕೊಳ್ಳುತ್ತದೆ. ಹೀಗೆ ಸೊನ್ನೆ ಮಾಡುವುದೇ ಖಾತೆ ಮುಚ್ಚುವುದು, ಅದಕ್ಕೆ ಹಾಕುವುದೇ ಕ್ಲೋಸಿಂಗ್ ಎಂಟ್ರಿ.

ಒಂದು ಸಣ್ಣ ಸೇವಾ ವ್ಯವಹಾರ ಇಟ್ಟುಕೊಳ್ಳೋಣ. ಹಣದ ಗುರುತು ಬೇಡ, ಬರೀ ಅಂಕಿ ಸಾಕು. ಸೇವೆಯ ಆದಾಯ 9,00,000, ಬಂದ ಬಡ್ಡಿ 20,000. ಸಂಬಳ 4,80,000, ವಿದ್ಯುತ್ 36,000, ಸವಕಳಿ 24,000. ಬಾಡಿಗೆ ತಿಂಗಳಿಗೆ 10,000. ಹನ್ನೊಂದು ತಿಂಗಳದ್ದು ಕಟ್ಟಿಯಾಗಿದೆ, ಕೊನೆಯ ತಿಂಗಳದ್ದು ಬಾಕಿ. ಹಾಗಾಗಿ ಮುಚ್ಚುವ ಮೊದಲು ಒಂದು ಹೊಂದಾಣಿಕೆ ಎಂಟ್ರಿ ಬೇಕು: ಬಾಡಿಗೆ ಖಾತೆ ಡೆಬಿಟ್ 10,000, ಕೊಡಬೇಕಾದ ಬಾಡಿಗೆ ಖಾತೆ ಕ್ರೆಡಿಟ್ 10,000. ಈಗ ಬಾಡಿಗೆಯ ಶಿಲ್ಕು 1,20,000. ಇಷ್ಟಾದ ಮೇಲೆ ಮುಚ್ಚುವ ಎಂಟ್ರಿ:

```
ಲಾಭ-ನಷ್ಟ ಖಾತೆ     ಡೆ.  6,60,000
   ಸಂಬಳ ಖಾತೆಗೆ            4,80,000
   ಬಾಡಿಗೆ ಖಾತೆಗೆ           1,20,000
   ವಿದ್ಯುತ್ ಖಾತೆಗೆ            36,000
   ಸವಕಳಿ ಖಾತೆಗೆ             24,000
```

ಖರ್ಚಿನ ಖಾತೆಗಳಲ್ಲಿ ಡೆಬಿಟ್ ಶಿಲ್ಕು ಇತ್ತು, ಅಷ್ಟನ್ನೇ ಕ್ರೆಡಿಟ್ ಮಾಡಿದರೆ ಸೊನ್ನೆ. ಆದಾಯದ ಖಾತೆಗಳಿಗೆ ಇದರ ಉಲ್ಟಾ: ಸೇವೆಯ ಆದಾಯ ಮತ್ತು ಬಡ್ಡಿಯನ್ನು ಡೆಬಿಟ್ ಮಾಡಿ, 9,20,000ವನ್ನು ಲಾಭ-ನಷ್ಟ ಖಾತೆಗೆ ಕ್ರೆಡಿಟ್ ಮಾಡುವುದು. ಈಗ ಲಾಭ-ನಷ್ಟ ಖಾತೆಯಲ್ಲಿ 2,60,000 ಕ್ರೆಡಿಟ್ ಉಳಿಯಿತು. ಅದೇ ಲಾಭ. ಅದನ್ನೂ ಡೆಬಿಟ್ ಮಾಡಿ ಬಂಡವಾಳಕ್ಕೆ ಸೇರಿಸಿದರೆ ಲಾಭ-ನಷ್ಟ ಖಾತೆಯೂ ಸೊನ್ನೆ. ಸರಕು ಮಾರುವವರಾದರೆ ಖರೀದಿ, ಮಾರಾಟಗಳು ಮೊದಲು ವ್ಯಾಪಾರಿ ಖಾತೆಗೆ ಹೋಗಿ, ಅಲ್ಲಿನ ಒಟ್ಟು ಲಾಭ ಇಲ್ಲಿಗೆ ಬರುತ್ತದೆ. ಅಷ್ಟೇ ವ್ಯತ್ಯಾಸ.

ಇನ್ನು ಡ್ರಾಯಿಂಗ್ಸ್. ಮಾಲೀಕರು ಮನೆ ಖರ್ಚಿಗೆ ತೆಗೆದದ್ದು 1,00,000 ಅಂದುಕೊಳ್ಳಿ. ಇದು ವ್ಯವಹಾರದ ಖರ್ಚಲ್ಲ, ಆದ್ದರಿಂದ ಲಾಭ-ನಷ್ಟ ಖಾತೆಯ ಹತ್ತಿರವೂ ಸುಳಿಯಬಾರದು, ನೇರವಾಗಿ ಬಂಡವಾಳಕ್ಕೆ ಹೋಗಬೇಕು. ವರ್ಷದ ಮೊದಲಿಗೆ ಬಂಡವಾಳ 4,00,000 ಇದ್ದರೆ, ಲಾಭ ಸೇರಿ ಡ್ರಾಯಿಂಗ್ಸ್ ಕಳೆದು 5,60,000.

ಹೊರಗೆ ಬಂದ ಮೇಲೆ ಬೇರೆಯವರು ಇದನ್ನೇ ಹೇಗೆ ಮಾಡುತ್ತಾರೆ ಅಂತ ನೋಡುವ ಚಟ ಹತ್ತಿತು. ಅಮೆರಿಕದ ಪಠ್ಯಗಳಲ್ಲಿ ಲಾಭ-ನಷ್ಟ ಖಾತೆಯ ಜಾಗದಲ್ಲಿ 'ಇನ್‌ಕಮ್ ಸಮರಿ' ಅನ್ನುವ ಖಾತೆ ಇರುತ್ತದೆ. ಕೆಲಸ ಹೆಚ್ಚುಕಡಿಮೆ ಅದೇ. ನಾಮಮಾತ್ರ ಖಾತೆಗಳಿಗೂ ಡ್ರಾಯಿಂಗ್ಸ್‌ಗೂ ಅವರು 'ಟೆಂಪರರಿ' ಅನ್ನುತ್ತಾರೆ, ಉಳಿದವು 'ಪರ್ಮನೆಂಟ್'. ನನಗೆ ಈ ಹೆಸರು ಹಿಡಿಸಿತು. ಕಲಿಯುವವರಿಗೆ ಯಾವುದನ್ನು ಮುಚ್ಚಬೇಕು ಅನ್ನುವುದು ಹೆಸರಲ್ಲೇ ಗೊತ್ತಾಗುತ್ತದೆ.

ಜರ್ಮನಿಯ ಪಾಠ ಇನ್ನೂ ಕಟ್ಟುನಿಟ್ಟು. ಅಲ್ಲಿ ಆದಾಯ-ಖರ್ಚನ್ನು ಮುಚ್ಚಿದರೆ ಸಾಲದು, ನಗದು, ಪೀಠೋಪಕರಣ, ಸಾಲ ಎಲ್ಲವನ್ನೂ ಕೊನೆಯ ದಿನ ಎಂಟ್ರಿ ಹಾಕಿ ಒಂದು ಮುಕ್ತಾಯದ ಖಾತೆಗೆ ಒಯ್ಯುತ್ತಾರೆ. ಮರುದಿನ ಆರಂಭದ ಖಾತೆಯಿಂದ ಮತ್ತೆ ಎಲ್ಲವನ್ನೂ ಹೊರಗೆ ತರುತ್ತಾರೆ. ನಾವು ನಗದು ಖಾತೆಯ ಶಿಲ್ಕನ್ನು 'ಕೆಳಗೆ ತಂದದ್ದು' ಅಂತ ಅದೇ ಖಾತೆಯಲ್ಲಿ ಬರೆದು ಮುಗಿಸುತ್ತೇವೆ. ಅವರ ರೀತಿ ಚೊಕ್ಕವೇ, ಆದರೆ ನನಗೆ ಸುಮ್ನೆ ಜಾಸ್ತಿ ಕೆಲಸ ಅನಿಸುತ್ತದೆ.

ಈಗ 'ತಾನೇ ಆಗೋ' ರೀತಿಗೆ ಬರೋಣ. ಇವತ್ತಿನ ಬಹಳಷ್ಟು ಲೆಕ್ಕದ ಸಾಫ್ಟ್‌ವೇರ್‌ಗಳಲ್ಲಿ ಮುಚ್ಚುವ ಎಂಟ್ರಿಯೇ ಕಾಣುವುದಿಲ್ಲ. ಪ್ರೋಗ್ರಾಂ ತಾರೀಖು ನೋಡುತ್ತದೆ. ಬಾಡಿಗೆ ಎಷ್ಟು ಅಂತ ಕೇಳಿದರೆ ಈ ವರ್ಷದ ತಾರೀಖುಗಳದ್ದನ್ನು ಮಾತ್ರ ಕೂಡಿ ಹೇಳುತ್ತದೆ. ಹಿಂದಿನ ವರ್ಷಗಳ ಆದಾಯ-ಖರ್ಚನ್ನೆಲ್ಲ ಕೂಡಿ ಕಳೆದು 'ಉಳಿದ ಲಾಭ' ಅಂತ ಒಂದು ಸಾಲಿನಲ್ಲಿ ತೋರಿಸುತ್ತದೆ. ಆ ಸಾಲಿನ ಹಿಂದೆ ಎಂಟ್ರಿ ಇಲ್ಲ, ಲೆಕ್ಕಾಚಾರ ಮಾತ್ರ ಇದೆ.

ನನಗೆ ಇದು ಗೊತ್ತಿರಲಿಲ್ಲ. ಮೇಲಿನವರು ಬೇಡ ಅಂದರೂ, ಮೇಷ್ಟ್ರು ಕಲಿಸಿದ್ದು ಬಿಡೋಕಾಗುತ್ತಾ ಅಂತ ಕೂತು ಎಲ್ಲ ಆದಾಯ, ಖರ್ಚುಗಳನ್ನು ಜರ್ನಲ್ ಹಾಕಿ ಮುಚ್ಚಿದೆ. ಅದೂ ಹೊಸ ವರ್ಷದ ಮೊದಲ ದಿನದ ತಾರೀಖಿನಲ್ಲಿ. ಮೇಲಿನ ಅಂಕಿಗಳಲ್ಲೇ ಹೇಳುವುದಾದರೆ, ಪ್ರೋಗ್ರಾಂ ತಾನೇ 2,60,000 ಮುಂದೆ ತಂದಿತ್ತು, ನನ್ನ ಜರ್ನಲ್ ಇನ್ನೊಂದು 2,60,000 ಸೇರಿಸಿತು. ಉಳಿದ ಲಾಭ 5,20,000! ಹೊಸ ವರ್ಷದ ವರದಿಯಲ್ಲಿ ಬಾಡಿಗೆ ಮೈನಸ್ 1,20,000, ಸೇವೆಯ ಆದಾಯ ಮೈನಸ್ 9,00,000, ಒಂದು ದಿನದ ವ್ಯವಹಾರಕ್ಕೆ 2,60,000 ನಷ್ಟ. ಆದರೂ ಆಸ್ತಿ-ಜವಾಬ್ದಾರಿ ಪಟ್ಟಿ ಸರಿಯಾಗಿ ತಾಳೆ ಆಗುತ್ತಿತ್ತು. 5,20,000ದಲ್ಲಿ 2,60,000 ಕಳೆದರೆ ಅದೇ ಮೊತ್ತ ಅಲ್ವಾ? ತಾಳೆ ಆಯಿತಲ್ಲ ಅಂತ ನಾನು ಮೂರು ವಾರ ಆರಾಮಾಗಿದ್ದೆ. ಮೊದಲ ತಿಂಗಳ ವರದಿ ಮೇಜಿನ ಮೇಲೆ ಬಂದಾಗ ಬೆವರಿತು.

ಹಳೆಯ ವರ್ಷದ ಕೊನೆಯ ದಿನಕ್ಕೆ ಹಾಕಿದ್ದರೂ ಬಚಾವಾಗುತ್ತಿರಲಿಲ್ಲ. ಉಳಿದ ಲಾಭ ಸರಿ ಬರುತ್ತಿತ್ತು, ಆದರೆ ಆ ವರ್ಷದ ಲಾಭ-ನಷ್ಟ ವರದಿ ಪೂರ್ತಿ ಸೊನ್ನೆ ಆಗುತ್ತಿತ್ತು. ಮುಂದಿನ ವರ್ಷ ಹೋಲಿಕೆಗೆ ಕಳೆದ ಸಾಲಿನ ಅಂಕಿ ಕೇಳಿದರೆ ಕೊಡೋಕೆ ಏನೂ ಇರುತ್ತಿರಲಿಲ್ಲ.

ತಾಳೆ ಆದ ಮಾತ್ರಕ್ಕೆ ಸರಿ ಇದೆ ಅಂತಲ್ಲ ಅನ್ನುವುದು ಕೈಬರಹದ ರೀತಿಗೂ ಅಷ್ಟೇ ನಿಜ. ನಾನು ಹೆಚ್ಚು ನೋಡಿರುವ ತಪ್ಪು ಕೊಡಬೇಕಾದ ಬಾಡಿಗೆಯದು. ಹೆಸರಲ್ಲಿ 'ಬಾಡಿಗೆ' ಇದೆ ಅಂತ ಅದನ್ನೂ ಲಾಭ-ನಷ್ಟ ಖಾತೆಗೆ ಗುಡಿಸಿ ಹಾಕುತ್ತಾರೆ. ಆದರೆ ಅದು ನಾಮಮಾತ್ರ ಖಾತೆ ಅಲ್ಲ, ಕಟ್ಟಡದ ಮಾಲೀಕರಿಗೆ ಕೊಡಬೇಕಾದ ಸಾಲ, ವೈಯಕ್ತಿಕ ಖಾತೆ. ಮುಚ್ಚಿದರೆ ಲಾಭ 2,70,000ಕ್ಕೆ ಏರುತ್ತದೆ, 10,000ದ ಸಾಲ ಮಾಯವಾಗುತ್ತದೆ. ಲಾಭ ಏರಿದ್ದಷ್ಟೇ ಸಾಲ ಇಳಿಯಿತು, ಪಟ್ಟಿ ತಾಳೆ. ಗೊತ್ತಾಗುವುದು ಮುಂದಿನ ತಿಂಗಳು ಆ ಬಾಕಿ ಕಟ್ಟಿದಾಗ. ಕೊಡಬೇಕಾದ ಬಾಡಿಗೆ ಖಾತೆಯಲ್ಲಿ 10,000 ಡೆಬಿಟ್ ನಿಂತುಬಿಡುತ್ತದೆ, ಅವರೇ ನಮಗೆ ಕೊಡಬೇಕು ಅನ್ನುವ ಹಾಗೆ.

ಹಾಗಾದರೆ ಯಾವ ರೀತಿ ಒಳ್ಳೆಯದು? ದಿನನಿತ್ಯದ ಕೆಲಸಕ್ಕೆ ಸಾಫ್ಟ್‌ವೇರ್ ರೀತಿಯೇ ವಾಸಿ. ಐದು ವರ್ಷದ ಹಿಂದಿನ ವರದಿಯನ್ನೂ ಈಗ ತೆಗೆಯಬಹುದು, ಹಳೇ ಪುಸ್ತಕ ಹುಡುಕುವ ಗೋಜಿಲ್ಲ. ಆದರೆ ಒಂದು ವಿಷಯದಲ್ಲಿ ಮೇಷ್ಟ್ರ ಎರಡು ಗೆರೆಗೆ ಸಾಟಿಯಿಲ್ಲ. ಗೆರೆ ಎಳೆದ ಖಾತೆಯಲ್ಲಿ ಹಿಂದಿನ ತಾರೀಖು ಹಾಕಿ ಏನಾದರೂ ತೂರಿಸಲು ಜಾಗವೇ ಇರುವುದಿಲ್ಲ, ತೂರಿಸಿದರೆ ಕಣ್ಣಿಗೆ ಬೀಳುತ್ತದೆ. ಸಾಫ್ಟ್‌ವೇರ್‌ನಲ್ಲಿ ಲೆಕ್ಕಕ್ಕೆ ಸಹಿ ಬಿದ್ದ ಮೇಲೂ ಯಾರೋ 3,000ದ ವಿದ್ಯುತ್ ಬಿಲ್ಲನ್ನು ಕಳೆದ ವರ್ಷದ ತಾರೀಖಿಗೆ ಹಾಕಿದರೆ, ಕಳೆದ ವರ್ಷದ ಲಾಭ ಸದ್ದಿಲ್ಲದೆ 2,57,000 ಆಗುತ್ತದೆ. ಸಹಿಯಾದ ಕಾಗದದಲ್ಲಿ ಮಾತ್ರ 2,60,000. ಎಂಟ್ರಿಯೇ ಇಲ್ಲದ ಸಾಲಾದ್ದರಿಂದ ಅದು ಯಾವಾಗ ಬದಲಾಯಿತು ಅಂತ ಆ ಸಾಲು ಹೇಳುವುದಿಲ್ಲ.

ಇದಕ್ಕೆ ಬೀಗ ಇದೆ. ಇಂಥ ತಾರೀಖಿನ ಹಿಂದೆ ಎಂಟ್ರಿ ಬೇಡ ಅಂತ ಲಾಕ್ ಮಾಡುವ ಸೌಲಭ್ಯ ಬಹಳಷ್ಟು ಸಾಫ್ಟ್‌ವೇರ್‌ಗಳಲ್ಲಿ ಸಿಗುತ್ತದೆ. ಸಿಗುತ್ತದೆ ಅಷ್ಟೇ, ಹಾಕುವವರು ಕಡಿಮೆ. ಲಾಕ್ ಆದ ಮೇಲೆ ಆ 3,000 ಬಿಲ್ ಬಂದರೆ, ಇಷ್ಟು ಸಣ್ಣ ಮೊತ್ತವನ್ನು ಈ ವರ್ಷದ ಖರ್ಚಿಗೇ ಹಾಕಿ, ಹಿಂದಿನ ಸಾಲಿನದು ಅಂತ ವಿವರಣೆ ಬರೆಯುತ್ತೇನೆ. ದೊಡ್ಡ ಮೊತ್ತವಾದರೆ ಆಡಿಟರ್ ಜೊತೆ ಕೂರುತ್ತೇನೆ.

ಈಗ ನಾನು ವರ್ಷದ ಕೊನೆಗೆ ಮಾಡುವುದು ಇಷ್ಟು. ಸಹಿಯಾದ ದಿನವೇ ಲಾಕ್. ಆಮೇಲೆ ಹೊಸ ವರ್ಷದ ಮೊದಲ ದಿನದ ತಾಳೆ ಪಟ್ಟಿಯನ್ನು ಮುದ್ರಿಸಿ, ಪೆನ್ಸಿಲ್ ಹಿಡಿದು ಕೂರುತ್ತೇನೆ. ಅದರಲ್ಲಿ ಸಂಬಳ, ಬಾಡಿಗೆಯಂಥ ಒಂದು ಹೆಸರೂ ಇರಬಾರದು, ಕೊಡಬೇಕಾದ ಬಾಡಿಗೆ 10,000 ಇರಲೇಬೇಕು. ಉಳಿದ ಲಾಭದ ಅಂಕಿ ಸಹಿಯಾದ ಕಾಗದದ ಅಂಕಿಗೆ ಸರಿಹೊಂದಬೇಕು.

ಡ್ರಾಯಿಂಗ್ಸ್ ಮಾತ್ರ ಇನ್ನೂ ಕೈ ಎಂಟ್ರಿಯನ್ನೇ ಕೇಳುತ್ತದೆ. ಅದು ಆದಾಯವೂ ಅಲ್ಲ, ಖರ್ಚೂ ಅಲ್ಲ, ಹಾಗಾಗಿ ನಾವು ಬಳಸುವ ಪ್ರೋಗ್ರಾಂ ಅದನ್ನು ಮುಟ್ಟುವುದಿಲ್ಲ. ನಾನು ಸೇರುವ ಮೊದಲು ಯಾರೂ ಅದನ್ನು ಮುಚ್ಚಿರಲಿಲ್ಲ, ಆರು ವರ್ಷದ ಡ್ರಾಯಿಂಗ್ಸ್ ಒಂದೇ ಗುಡ್ಡೆಯಾಗಿ ಬಿದ್ದಿತ್ತು. ಬಂಡವಾಳ ಡೆಬಿಟ್, ಡ್ರಾಯಿಂಗ್ಸ್ ಕ್ರೆಡಿಟ್ ಅಂತ ಹಾಕಿ ಸೊನ್ನೆ ಮಾಡಿದೆ. ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾನು ಹಾಕಿದ, ಯಾರೂ ವಾಪಸ್ ತೆಗೆಸದ ಮೊದಲ ಕ್ಲೋಸಿಂಗ್ ಎಂಟ್ರಿ ಅದೇ.