ಸತ್ಯಾಂಶ: ಹೈಜಂಪಲ್ಲಿ ಟೈ ಆದ್ರೆ ಯಾರು ಮುಂದೆ?

"ಇಬ್ರೂ ಒಂದೇ ಎತ್ತರ ಹಾರಿದ್ರೆ ಒಟ್ಟು ಫೇಲ್ ಕಮ್ಮಿ ಇರೋರೇ ಫಸ್ಟ್" ಅಂತ ಶಿವಮೊಗ್ಗದ ಗ್ರೂಪ್‌ಗಳಲ್ಲಿ ಓಡಾಡ್ತಿದೆ.

ಹಾಗಲ್ಲ, ಮೊದ್ಲು ನೋಡೋದು ಕೊನೇದಾಗಿ ದಾಟಿದ ಎತ್ತರದಲ್ಲಿ ಆದ ಫೇಲ್ ಮಾತ್ರ. ತೀರ್ಥಹಳ್ಳಿ ಹುಡುಗಿ 1.35 ಮೀಟರ್‌ನಲ್ಲಿ ಎರಡು ಸಲ ಬಾರ್ ಬೀಳ್ಸಿ ಮೂರನೇದಕ್ಕೆ ದಾಟಿದ್ಲು, 1.40 ಮಾತ್ರ ಒಂದೇ ಸಲಕ್ಕೆ ಅನ್ಕೊಳ್ಳಿ, ಸಾಗರದವಳು 1.35 ಒಂದೇ ಸಲಕ್ಕೆ, 1.40 ಎರಡನೇ ಸಲಕ್ಕೆ, ಆಮೇಲೆ 1.45 ಇಬ್ರಿಗೂ ಆಗ್ಲಿಲ್ಲ. ಫೇಲ್ ಜಾಸ್ತಿ ಇದ್ರೂ ತೀರ್ಥಹಳ್ಳಿಯವಳೇ ಫಸ್ಟ್, ಪಾಪ ಸಾಗರದ ಹುಡುಗಿಗೆ ಮೋಸ ಆಯ್ತು ಅಂತ ಜಗಳ ತೆಗೀಬೇಡಿ.

1.40ರಲ್ಲೂ ಸಮ ಇದ್ರೆ ಮಾತ್ರ ಅಲ್ಲೀವರೆಗಿನ ಒಟ್ಟು ಫೇಲ್ ಎಣಿಸ್ತಾರೆ, 1.45ರಲ್ಲಿ ಬೀಳ್ಸಿದ್ದು ಲೆಕ್ಕಕ್ಕಿಲ್ಲ. ಪೋಲ್‌ವಾಲ್ಟ್‌ಗೂ ಇದೇ ರೂಲು. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್ ಹೈಜಂಪಲ್ಲಿ ಕತಾರ್‌ನ ಬರ್ಶಿಮ್, ಇಟಲಿಯ ಟಾಂಬೆರಿ ಇಬ್ರೂ 2.37ರ ತನಕ ಒಂದೂ ಫೇಲ್ ಇಲ್ದೆ ಸಮ ಆಗಿದ್ರು, ಟೈ ಬಿಡ್ಸೋಕೆ ಮತ್ತೆ ಹಾರೋ ಜಂಪ್‌ಆಫ್ ಬೇಡ ಅಂತ ಚಿನ್ನ ಹಂಚ್ಕೊಂಡ್ರು.