ಹಿಡಿದವರೇ ವಿಚಾರಣೆ ಮಾಡಿದರೆ?

ಕಾರವಾರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನ್ನ ಗೆಳೆಯನನ್ನು ಕೆಲಸದಿಂದ ವಜಾ ಮಾಡಿದರು. ಕ್ಯಾಶಿನಲ್ಲಿ 18,400 ರೂಪಾಯಿ ಕಡಿಮೆ ಬಂತು ಅನ್ನುವುದು ಆರೋಪ. ಅವನು ತಪ್ಪು ಮಾಡಿದ್ದಾನೋ ಇಲ್ಲವೋ, ನನಗೆ ಗೊತ್ತಿಲ್ಲ. ಆದರೆ ಚಾ ಅಂಗಡಿಯಲ್ಲಿ ಕೂತವರೆಲ್ಲ "ನೋಟಿಸ್ ಕೊಟ್ಟಿದ್ದರು, ಉತ್ತರ ತಗೊಂಡಿದ್ದರು, ಇನ್ನೇನು ಬೇಕಿತ್ತು ಮಾರಾಯ್ರೆ?" ಅನ್ನುತ್ತಾರಲ್ಲ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಫೈಲು ನೋಡಿದೆ. ಅವತ್ತು ದಿಢೀರ್ ತಪಾಸಣೆಗೆ ಬಂದು ದುಡ್ಡು ಎಣಿಸಿ ಮಹಜರು ಬರೆದ ಅಧಿಕಾರಿಯೇ ಆಮೇಲೆ ವಿಚಾರಣಾಧಿಕಾರಿ! ಎಣಿಕೆ ಸರಿ ಇತ್ತಾ, ರಶೀದಿ ಪುಸ್ತಕ ಪೂರ್ತಿ ನೋಡಿದ್ದರಾ ಅಂತ ನನ್ನ ಗೆಳೆಯ ಪಾಟಿ ಸವಾಲು ಹಾಕಬೇಕಾಗಿದ್ದದ್ದು ಇವರಿಗೇ. ಕೇಳುವುದು ಯಾರನ್ನು? ಸಾಕ್ಷಿ ಕೂರಬೇಕಾದವರು ತೀರ್ಮಾನ ಬರೆಯುವ ಕುರ್ಚಿಯಲ್ಲಿ ಕೂತಿದ್ದಾರೆ. ಆ ಅಧಿಕಾರಿಗೆ ದ್ವೇಷ ಇತ್ತು ಅಂತ ತೋರಿಸಬೇಕಾಗಿಯೇ ಇಲ್ಲ. ತನ್ನ ಎಣಿಕೆ ತಪ್ಪು ಅಂತ ತಾನೇ ಬರೆಯುವುದು ಕಷ್ಟ, ಪಕ್ಷಪಾತದ ಅನುಮಾನ ಬರಲು ಅಷ್ಟು ಸಾಕು.

ಇದು ಹಳೇ ಕಥೆ. ಉತ್ತರ ಪ್ರದೇಶದ ಮೊಹಮ್ಮದ್ ನೂಹ್ ಅನ್ನುವ ಹೆಡ್ ಕಾನ್‌ಸ್ಟೆಬಲ್ ವಿಚಾರಣೆಯಲ್ಲಿ ಒಬ್ಬ ಸಾಕ್ಷಿ ಮೊದಲು ಹೇಳಿದ್ದನ್ನು ಬದಲಾಯಿಸಿದ. ಆಗ ವಿಚಾರಣೆ ನಡೆಸುತ್ತಿದ್ದ ಪೊಲೀಸ್ ಅಧಿಕಾರಿ, ಅವನು ಮೊದಲು ತನಗೆ ಹೇಳಿದ್ದು ಬೇರೆ ಅಂತ ತಾನೇ ಹೇಳಿಕೆ ಕೊಟ್ಟು, ಆಮೇಲೆ ಅದೇ ಕುರ್ಚಿಗೆ ವಾಪಸ್ ಬಂದು ವಜಾ ಆದೇಶ ಮಾಡಿದರು. 1957ರಲ್ಲಿ ಸುಪ್ರೀಂ ಕೋರ್ಟ್, ಇದು ಸಹಜ ನ್ಯಾಯಕ್ಕೆ ವಿರುದ್ಧ ಅಂತ ಸ್ಪಷ್ಟವಾಗಿ ಹೇಳಿತು. ಆದರೆ ನೂಹ್‌ಗೆ ಕೆಲಸ ಸಿಗಲಿಲ್ಲ. ವಜಾ ಆಗಿದ್ದು 1948ರಲ್ಲಿ, ಸಂವಿಧಾನ ಜಾರಿಯಾಗುವ ಮೊದಲು! ಸಂವಿಧಾನ ಕೊಟ್ಟ ಅಧಿಕಾರ ಬಳಸಿ ಅದಕ್ಕೂ ಹಿಂದಿನ ಆದೇಶ ರದ್ದು ಮಾಡಲು ಆಗುವುದಿಲ್ಲ ಅಂದಿತು ಕೋರ್ಟ್.

ನಮ್ಮ ಫೈಲಿನಲ್ಲಿ ಇನ್ನೊಂದು ತೂತು ಇದೆ. ವಿಚಾರಣಾ ವರದಿ ಮೇಲಧಿಕಾರಿಗೆ ಹೋಯಿತು, ಅವರು ಓದಿ ವಜಾ ಮಾಡಿದರು. ವರದಿಯ ಪ್ರತಿ ಗೆಳೆಯನ ಕೈಗೆ ಬಂದದ್ದು ಆದೇಶದ ಜೊತೆಗೆ. ಶಿಕ್ಷೆ ಕೊಡುವವರು ಬೇರೆಯಾಗಿದ್ದರೆ, ತೀರ್ಮಾನಕ್ಕೆ ಮೊದಲೇ ನೌಕರನಿಗೆ ವರದಿ ಕೊಟ್ಟು ಅದರ ಮೇಲೆ ಅವನ ಮಾತು ಕೇಳಬೇಕು ಅಂತ ಸುಪ್ರೀಂ ಕೋರ್ಟಿನ 1993ರ ಕರುಣಾಕರ್ ತೀರ್ಪಿನಲ್ಲಿ ಇದೆ. ಮೊದಲ ನೋಟಿಸಿಗೆ ಕೊಟ್ಟ ಉತ್ತರ ಆರೋಪಕ್ಕೆ ಆಯಿತು. ವರದಿಯಲ್ಲಿ ಎಡವಿದ್ದು ಎಲ್ಲಿ ಅಂತ ಹೇಳಲು ಅವಕಾಶ ಸಿಗಲೇ ಇಲ್ಲ ಅಲ್ವಾ?

ಹಾಗಂತ ವರದಿ ಕೊಡಲಿಲ್ಲ ಅಂದ ಕೂಡಲೇ ವಜಾ ರದ್ದಾಗುವುದಿಲ್ಲ. ಮೊದಲೇ ಸಿಕ್ಕಿದ್ದರೆ ಏನು ವ್ಯತ್ಯಾಸ ಆಗುತ್ತಿತ್ತು ಅಂತ ಕೋರ್ಟ್ ಕೇಳುತ್ತದೆ. ರದ್ದಾದರೂ, ವರದಿ ಕೊಡುವ ಹಂತದಿಂದ ವಿಚಾರಣೆ ಮತ್ತೆ ಶುರು ಮಾಡಬಹುದು, ಅಲ್ಲಿವರೆಗೆ ಅಮಾನತಿನಲ್ಲೂ ಇಡಬಹುದು.

ಪಕ್ಷಪಾತದ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಗೊತ್ತಿದ್ದೂ ಸುಮ್ನೆ ಕೂತು, ತೀರ್ಮಾನ ತಿರುಗಿ ಬಿದ್ದ ಮೇಲೆ "ಅವರು ವಿಚಾರಣೆ ಮಾಡಬಾರದಿತ್ತು" ಅಂದರೆ, ಹಕ್ಕು ಬಿಟ್ಟುಕೊಟ್ಟಿರಿ ಅಂತ ಕೋರ್ಟ್ ಹೇಳಬಹುದು. ಮೊದಲ ದಿನವೇ ಬರೆದು ಕೊಡಬೇಕಿತ್ತು. ನನ್ನ ಗೆಳೆಯನ ಫೈಲಿನಲ್ಲಿ ಮೊದಲ ದಿನದ ಹಾಳೆ ಹುಡುಕಿದೆ. "ವಿಚಾರಣಾಧಿಕಾರಿ ಬಗ್ಗೆ ಆಕ್ಷೇಪ ಇಲ್ಲ" ಅಂತ ಟೈಪ್ ಮಾಡಿದ ಸಾಲಿನ ಕೆಳಗೆ ಅವನದೇ ಸಹಿ. "ಸಹಿ ಹಾಕು ಅಂದರು, ಹಾಕಿದೆ" ಅನ್ನುತ್ತಾನೆ.