ಹೋಗಿ ಬನ್ನಿ ಮೇಡಂ, ಐ.ಎಲ್.ಆರ್. ನಾವು ನೋಡಿಕೊಳ್ಳುತ್ತೇವೆ

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಫಾರ್ಮಸಿ ಮೇಡಂಗೆ ಜಿಲ್ಲಾ ಲಸಿಕೆ ಉಗ್ರಾಣಕ್ಕೆ ವರ್ಗ ಆಗಿದೆ. ಶನಿವಾರ ಬಿಡುಗಡೆ. ನಿನ್ನೆ ಸಣ್ಣದಾಗಿ ಬೀಳ್ಕೊಡುಗೆ ಮಾಡಿದೆವು. ಎಲ್ಲರೂ ಎರಡು ಮಾತು ಆಡಿದರು. ನನ್ನ ಸರದಿ ಬಂದಾಗ ಗಂಟಲು ಕಟ್ಟಿತು, ಒಂದೇ ವಾಕ್ಯಕ್ಕೆ ಕೂತುಬಿಟ್ಟೆ. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೇಡಂ, ಇದು ಆ ಡಿಸೆಂಬರ್ ರಾತ್ರಿಯ ಕಥೆ. ಇಷ್ಟು ವರ್ಷ ನೀವು ಯಾರ ಹತ್ತಿರವೂ ಹೇಳಲಿಲ್ಲ. ಹಾಗಾಗಿ ನಾನೇ ಹೇಳಬೇಕು.

2017ರ ಡಿಸೆಂಬರ್. ಬುಧವಾರ ರಾತ್ರಿ ನನ್ನ ಡ್ಯೂಟಿ. ನಮ್ಮ ಮಲೆನಾಡಿನ ಕಡೆ ಆಗ ಚಳಿ ಜೋರು. ಎಂಟು ಗಂಟೆಗೆ ಹೋದ ಕರೆಂಟ್ ಮಧ್ಯರಾತ್ರಿ ದಾಟಿದರೂ ಬರಲಿಲ್ಲ. ಮಾರನೇ ದಿನ ಗುರುವಾರ, ಲಸಿಕೆ ದಿನ. ಐ.ಎಲ್.ಆರ್. ತುಂಬ ಲಸಿಕೆ ಇತ್ತು. ಹೊರಗಿನವರಿಗೆ ಗೊತ್ತಾಗಲಿ ಅಂತ ಹೇಳುತ್ತೇನೆ: ಐ.ಎಲ್.ಆರ್. ಅಂದರೆ ಮೇಲಿನಿಂದ ಮುಚ್ಚಳ ತೆಗೆಯುವ ಫ್ರಿಜ್. ಗೋಡೆಯ ಒಳಗೆ ಸುತ್ತಲೂ ಐಸ್ ಕಟ್ಟಿರುತ್ತದೆ. ಲಸಿಕೆಯನ್ನು 2ರಿಂದ 8 ಡಿಗ್ರಿ ಒಳಗೆ ಇಡುವುದು ಅದರ ಕೆಲಸ. ಮುಚ್ಚಳ ಮುಟ್ಟದೆ ಸುಮ್ನೆ ಬಿಟ್ಟರೆ ಕರೆಂಟ್ ಇಲ್ಲದಿದ್ದರೂ ಎಷ್ಟೋ ಗಂಟೆ ತಂಪು ಹಿಡಿದುಕೊಳ್ಳುತ್ತದೆ.

ನನಗೆ ಸುಮ್ನೆ ಬಿಡಲು ಆಗಲಿಲ್ಲ. ಅರ್ಧ ಗಂಟೆಗೊಮ್ಮೆ ಟಾರ್ಚ್ ಹಿಡಿದು ಮುಚ್ಚಳ ಎತ್ತಿ ಥರ್ಮಾಮೀಟರ್ ನೋಡಿದೆ. ಪ್ರತಿ ಸಲ ಎತ್ತಿದಾಗಲೂ ಒಳಗಿನ ತಂಪು ಹೊರಗೆ ಹೋಗುತ್ತಿದೆ ಎಂಬುದು ಹೊಳೆಯಲಿಲ್ಲ. ಒಂದೂವರೆಗೆ 9 ತೋರಿಸಿತು. ಎರಡು ಗಂಟೆಗೆ ಕರೆಂಟ್ ಬಂತು. ಬೇಗ ತಂಪಾಗಲಿ ಅಂತ ಥರ್ಮೋಸ್ಟ್ಯಾಟ್ ಗುಂಡಿಯನ್ನು ಪೂರ್ತಿ ತಿರುಗಿಸಿಬಿಟ್ಟೆ. ಅಷ್ಟರಲ್ಲಿ ವಾರ್ಡಿನಿಂದ ಕರೆದರು. ಹೆರಿಗೆ ನೋವು ಜಾಸ್ತಿಯಾಗಿತ್ತು. ಓಡಿದೆ. ಮೂರು ಇಪ್ಪತ್ತಕ್ಕೆ ಹೆಣ್ಣು ಮಗು ಹುಟ್ಟಿತು. ಗುಂಡಿಯ ನೆನಪೇ ಹೋಯಿತು.

ಬೆಳಗ್ಗೆ ಎಂಟೂವರೆಗೆ ಮಗುವಿಗೆ ಹುಟ್ಟಿದಾಗಿನ ಹೆಪಟೈಟಿಸ್ ಬಿ ಹಾಕೋಣ ಅಂತ ವಯಲ್ ತೆಗೆದುಕೊಂಡು ಹೊರಟಿದ್ದೆ. ಅದನ್ನು ಹುಟ್ಟಿದ 24 ಗಂಟೆ ಒಳಗೆ ಹಾಕಬೇಕು. ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ ತಡೆಯಲು ಆ ಡೋಸ್ ಬೇಗ ಬೀಳಬೇಕು. ಅದೇ ಹೊತ್ತಿಗೆ ನೀವು ಬಂದಿರಿ. ಬ್ಯಾಗ್ ಕೂಡ ಇಳಿಸದೆ ಐ.ಎಲ್.ಆರ್. ನೋಡಿದಿರಿ. ಥರ್ಮಾಮೀಟರ್ ಮೈನಸ್ 2ರಲ್ಲಿತ್ತು.

"ಸಿಸ್ಟರ್, ಆ ವಯಲ್ ಕೆಳಗಿಡಿ" ಅಂದಿರಿ.

ನಾನು ವಯಲ್ ಮೇಲಿನ ವಿ.ವಿ.ಎಂ. ತೋರಿಸಿದೆ. ವೃತ್ತದೊಳಗೆ ಒಂದು ಚಿಕ್ಕ ಚೌಕ ಇರುತ್ತದೆ. ಶಾಖ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಸುತ್ತಲಿನ ಬಣ್ಣಕ್ಕೆ ಸಮನಾದರೆ ಆ ವಯಲ್ ಬಿಸಾಡಬೇಕು. ನನ್ನ ಕೈಯಲ್ಲಿದ್ದ ವಯಲಿನ ಚೌಕ ಬೆಳ್ಳಗೇ ಇತ್ತು. "ಚೆನ್ನಾಗೇ ಇದೆಯಲ್ಲ ಮೇಡಂ" ಅಂದೆ.

"ಅದು ಬಿಸಿಗೆ ಮಾತ್ರ ಸಾಕ್ಷಿ ಹೇಳುತ್ತೆ ಸಿಸ್ಟರ್. ಚಳಿಗೆ ಹೇಳಲ್ಲ."

ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಲಸಿಕೆ ಅಂದರೆ ಬಿಸಿಗೆ ಕೆಡುವ ವಸ್ತು, ಎಷ್ಟು ತಂಪಾದರೆ ಅಷ್ಟು ಒಳ್ಳೆಯದು ಅಂತ ನಾನು ಅಂದುಕೊಂಡಿದ್ದೆ. ಪೋಲಿಯೋ ಹನಿಗೆ, ದಡಾರದ ಪುಡಿಗೆ ಆ ಮಾತು ಸರಿ. ಅವು ಹೆಪ್ಪುಗಟ್ಟಿದರೂ ಕೆಡುವುದಿಲ್ಲ. ಹೆಪಟೈಟಿಸ್ ಬಿ, ಡಿ.ಪಿ.ಟಿ., ಪೆಂಟಾ ಹಾಗಲ್ಲ. ಇವುಗಳಲ್ಲಿ ಅಲ್ಯೂಮಿನಿಯಂ ಲವಣದ ತೀರಾ ಸಣ್ಣ ಕಣಗಳಿರುತ್ತವೆ, ಲಸಿಕೆ ಅವಕ್ಕೇ ಅಂಟಿಕೊಂಡಿರುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಆ ಕಣಗಳು ಗಂಟುಗಂಟಾಗುತ್ತವೆ. ಮತ್ತೆ ಕರಗಿದರೂ ಗಂಟು ಬಿಡುವುದಿಲ್ಲ, ಲಸಿಕೆಯ ಶಕ್ತಿ ಹೋಗಿರುತ್ತದೆ. ಅದರಲ್ಲೂ ಹೆಪಟೈಟಿಸ್ ಬಿ ಸೊನ್ನೆಗಿಂತ ಸ್ವಲ್ಪ ಕೆಳಗೆ ಇಳಿದರೇ ಹೆಪ್ಪುಗಟ್ಟಲು ಶುರುವಾಗುತ್ತದೆ. ಅಂಥದ್ದನ್ನು ಮಗುವಿಗೆ ಚುಚ್ಚಿದರೆ ತಾಯಿ ಕಾರ್ಡಿನಲ್ಲಿ ಸಹಿ ನೋಡಿ ನೆಮ್ಮದಿಯಾಗಿ ಮನೆಗೆ ಹೋಗುತ್ತಾಳೆ. ಮಗುವಿಗೆ ಮಾತ್ರ ರಕ್ಷಣೆ ಇರುವುದಿಲ್ಲ.

ನೀವು ಮೊದಲು ಮಾಡಿದ ಕೆಲಸ ಏನು ಗೊತ್ತಾ? ರಿಜಿಸ್ಟರ್ ತೆಗೆದಿರಿ. ಬೆಳಗ್ಗೆ 8:30, ಮೈನಸ್ 2 ಅಂತ ಬರೆದಿರಿ. ನನಗೆ ಕಾಲು ನಡುಗಿತು. "ಮೇಡಂ, ಗುಂಡಿ ತಿರುಗಿಸಿದ್ದು ನಾನೇ" ಅಂದೆ. ಒಂದು ಕ್ಷಣ ನನ್ನ ಮುಖ ನೋಡಿದಿರಿ. ಬೈಯಲಿಲ್ಲ. "ಹೇಳಿದ್ರಲ್ಲ, ಅರ್ಧ ಕೆಲಸ ಮುಗೀತು. ಎಷ್ಟು ಗಂಟೆಗೆ ತಿರುಗಿಸಿದ್ರಿ?" ಅಂತ ಕೇಳಿದಿರಿ. ಡಾಕ್ಟರಿಗೆ ನನ್ನನ್ನೇ ಕರೆದುಕೊಂಡು ಹೋಗಿ ಎಲ್ಲ ಹೇಳಿಸಿದಿರಿ.

ಈ ರಿಜಿಸ್ಟರ್ ವಿಷಯ ಸ್ವಲ್ಪ ಹೇಳಲೇಬೇಕು. ದಿನಕ್ಕೆ ಎರಡು ಸಲ, ಭಾನುವಾರ ಹಬ್ಬ ಅಂತ ನೋಡದೆ ಉಷ್ಣಾಂಶ ಬರೆಯಬೇಕು ಅಂತ ನಿಯಮ. ಇಡೀ ತಿಂಗಳು ಒಂದೇ ಪೆನ್ನಿನಲ್ಲಿ 4, 4, 4, 4 ಅಂತ ತುಂಬಿದ ಪುಟಗಳನ್ನು ನಾನು ಬೇರೆ ಕಡೆ ಕಂಡಿದ್ದೇನೆ. ನೋಡಲು ಚೆಂದ. ನಿಜವಾದ ಫ್ರಿಜ್ ಹಾಗೆ ಇರಲ್ಲ. ಬೆಳಗ್ಗೆ 3, ಸಂಜೆ 6, ಬೇಸಿಗೆಯಲ್ಲಿ 7 ಅಂತ ಏರಿಳಿಯುತ್ತಲೇ ಇರುತ್ತದೆ. ನಿಮ್ಮ ಪುಟಗಳು ಹಾಗೇ ಇದ್ದವು. ಆವತ್ತೂ 4 ಅಂತ ಬರೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನಗೂ ಸುಲಭ ಆಗುತ್ತಿತ್ತು. ಹಾಗೆ ಬರೆಯದೆ ಇದ್ದದ್ದಕ್ಕೇ ನಾನು ನಿಮಗೆ ಋಣಿ.

ಆಮೇಲೆ ಮಗುವಿನ ಡೋಸ್. ಹದಿನೆಂಟು ಕಿಲೋಮೀಟರ್ ದೂರದ ಪಕ್ಕದ ಕೇಂದ್ರಕ್ಕೆ ಫೋನ್ ಮಾಡಿ ಹೆಪಟೈಟಿಸ್ ಬಿ ಕೇಳಿದಿರಿ. ನಮ್ಮ ಗ್ರೂಪ್ ಡಿ ಅಣ್ಣ ಬೈಕ್ ಸ್ಟಾರ್ಟ್ ಮಾಡಿ ನಿಂತಿದ್ದರು. ನಾನು ಡೀಪ್ ಫ್ರೀಜರ್‌ನಿಂದ ನಾಲ್ಕು ಐಸ್ ಪ್ಯಾಕ್ ತೆಗೆದು ಕ್ಯಾರಿಯರ್ ಬಾಕ್ಸಿಗೆ ಹಾಕಲು ಹೋದೆ. ಮತ್ತೆ ತಡೆದಿರಿ. ಐಸ್ ಪ್ಯಾಕುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ ಕಾಯಿಸಿದಿರಿ. ಫ್ರೀಜರ್‌ನಿಂದ ತೆಗೆದ ಪ್ಯಾಕ್ ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ. ಅದಕ್ಕೆ ಒರಗಿಸಿ ವಯಲ್ ಇಟ್ಟರೆ ದಾರಿಯಲ್ಲೇ ಅದೂ ಹೆಪ್ಪುಗಟ್ಟುತ್ತದೆ. ಪ್ಯಾಕಿನ ಮೈಮೇಲೆ ಬೆವರಿನ ಹಾಗೆ ನೀರಿನ ಹನಿ ಮೂಡಬೇಕು. ಕಿವಿ ಹತ್ತಿರ ಹಿಡಿದು ಅಲುಗಿಸಿದರೆ ಒಳಗೆ ನೀರು ಗುಳುಗುಳು ಅನ್ನಬೇಕು. ಚಳಿಗೆ ಅದು ಮುಕ್ಕಾಲು ಗಂಟೆ ಹಿಡಿಯಿತು. ಪ್ರತಿಯೊಂದನ್ನೂ ನನ್ನ ಕಿವಿಗೆ ಹಿಡಿದು ಕೇಳಿಸಿದಿರಿ. ನಾಲ್ಕನೆಯದು ಗಟ್ಟಿಯಾಗೇ ಇತ್ತು. "ಇನ್ನೂ ಇಲ್ಲ" ಅಂತ ಮತ್ತೆ ಮೇಜಿನ ಮೇಲೆ ಇಟ್ಟಿರಿ. ಮಧ್ಯಾಹ್ನ ಎರಡಕ್ಕೆ ವಯಲ್ ಬಂತು. ಮಗುವಿಗೆ ಲಸಿಕೆ ಬಿದ್ದಾಗ ಹುಟ್ಟಿ ಹನ್ನೊಂದು ಗಂಟೆಯೂ ಆಗಿರಲಿಲ್ಲ. ಸೂಜಿ ನನ್ನ ಕೈಯಿಂದಲೇ ಹಾಕಿಸಿದಿರಿ.

ಅವತ್ತಿನ ಎರಡು ಅಂಗನವಾಡಿ ಸೆಷನ್ ಶನಿವಾರಕ್ಕೆ ಹಾಕಿದೆವು. ಉಳಿದ ವಯಲ್‌ಗಳನ್ನು ಏನು ಮಾಡುವುದು ಅಂತ ಪ್ರಶ್ನೆ ಬಂತು. ಡಾಕ್ಟರ ಒಪ್ಪಿಗೆ ತೆಗೆದುಕೊಂಡು ಶೇಕ್ ಟೆಸ್ಟ್ ಮಾಡಿದಿರಿ. ಪ್ರತಿ ಲಸಿಕೆಯಿಂದ ಅದೇ ಕಂಪನಿಯ ಅದೇ ಬ್ಯಾಚಿನ ಒಂದೊಂದು ವಯಲ್ ಆರಿಸಿ, ಮೇಲೆ "ಬಳಸಬಾರದು" ಅಂತ ಬರೆದು, ಬೇಕೆಂದೇ ರಾತ್ರಿಯಿಡೀ ಡೀಪ್ ಫ್ರೀಜರ್‌ನಲ್ಲಿಟ್ಟು ಕಲ್ಲು ಮಾಡಿದಿರಿ. ಶುಕ್ರವಾರ ನನಗೆ ರಜೆ. ಆದರೂ ಬಂದೆ.

ಕರಗಿಸಿದ ವಯಲ್ ಒಂದು, ಅನುಮಾನದ ವಯಲ್ ಒಂದು. ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ಚೆನ್ನಾಗಿ ಅಲುಗಿಸಿ ಕಿಟಕಿಯ ಬೆಳಕಿಗೆ ಪಕ್ಕಪಕ್ಕದಲ್ಲಿ ಇಟ್ಟಿರಿ. ಇಬ್ಬರೂ ಸ್ಟೂಲ್ ಎಳೆದುಕೊಂಡು ಅರ್ಧ ಗಂಟೆ ಕೂತೆವು. ಕೆಡದ ಲಸಿಕೆಯಾದರೆ ಅಲುಗಿಸಿದ ಮೇಲೂ ತೆಳು ಮಜ್ಜಿಗೆಯ ಹಾಗೆ ಒಂದೇ ಸಮ ಬೆಳ್ಳಗೆ ನಿಂತಿರುತ್ತದೆ, ನಿಧಾನಕ್ಕೆ ತಳ ಸೇರುತ್ತದೆ. ಹೆಪ್ಪುಗಟ್ಟಿದ್ದರಲ್ಲಿ ಗಂಟಾದ ಕಣ ಭಾರ ಆಗಿರುವುದರಿಂದ ಬೇಗ ಕೆಳಗಿಳಿಯುತ್ತದೆ, ಮೇಲೆ ತಿಳಿನೀರು ನಿಲ್ಲುತ್ತದೆ. ಹೆಪಟೈಟಿಸ್ ಬಿ ಎರಡೂ ವಯಲ್‌ಗಳಲ್ಲಿ ಕಣ ಒಂದೇ ವೇಗದಲ್ಲಿ ಇಳಿಯಿತು. ನಾನು ಹಿಂದಿನ ದಿನ ಕೈಯಲ್ಲಿ ಹಿಡಿದಿದ್ದ ವಯಲೇ ಅದು. ತಳದಲ್ಲಿ ಬಿಳಿ ಪದರ ಕೂತದ್ದು ನೋಡಿ ನನಗೆ ಅಳು ಬಂತು. ನೀವು ಏನೂ ಹೇಳದೆ ನನ್ನ ಬೆನ್ನ ಮೇಲೆ ಕೈ ಇಟ್ಟಿರಿ.

ಡಿ.ಪಿ.ಟಿ. ಮತ್ತು ಪೆಂಟಾ ಪಾಸಾದವು. ಹೆಪ್ಪುಗಟ್ಟಿಸಿದ ಜೋಡಿ ತಳ ಸೇರಿದರೂ ಅನುಮಾನದ ವಯಲ್ ಮೋಡದ ಹಾಗೆ ತೇಲುತ್ತಲೇ ಇತ್ತು. ಹೆಪಟೈಟಿಸ್ ಬಿ ಎಲ್ಲವನ್ನೂ ಲೆಕ್ಕ ಬರೆದು ಬೇರೆ ತೆಗೆದಿಟ್ಟಿರಿ. ವರದಿಯಲ್ಲಿ "ಕರೆಂಟ್ ಬಂದ ಮೇಲೆ ಥರ್ಮೋಸ್ಟ್ಯಾಟ್ ಬದಲಿಸಲಾಗಿತ್ತು, ರಾತ್ರಿ ಪಾಳಿಯವರಿಗೆ ಐ.ಎಲ್.ಆರ್. ತರಬೇತಿ ಆಗಿರಲಿಲ್ಲ" ಅಂತ ಬರೆದಿರಿ. ನಿಜ ಅದೇ. ಆಮೇಲೆ ಆ ತರಬೇತಿ ನೀವೇ ಕೊಟ್ಟಿರಿ, ನಮಗೆ ಆರೂ ಜನಕ್ಕೆ. ಗುಂಡಿಯ ಮೇಲೆ ಅಡ್ಡಡ್ಡ ಟೇಪ್ ಅಂಟಿಸಿದಿರಿ. ಅದು ಈಗಲೂ ಇದೆ. ಅಂಚು ಕಿತ್ತು ಬಂದಾಗೆಲ್ಲ ಹೊಸದು ಹಾಕುವುದು ನಾನೇ.

ಆ ಮಗು ಈಗ ಶಾಲೆಗೆ ಹೋಗುತ್ತದೆ. ಅವರಮ್ಮ ಸಂತೆಯಲ್ಲಿ ಸಿಕ್ಕಾಗ ನಗುತ್ತಾರೆ. ಆ ದಿನ ನಮ್ಮ ಮೇಜಿನ ಮೇಲೆ ಏನೇನು ನಡೆಯಿತು ಅಂತ ಅವರಿಗೆ ಗೊತ್ತಿಲ್ಲ.

ಮೇಡಂ, ಉಗ್ರಾಣದಲ್ಲಿ ಈಗ ಒಂದಲ್ಲ, ಸಾಲು ಸಾಲು ಐ.ಎಲ್.ಆರ್. ನಿಮ್ಮ ಕೈಯಲ್ಲಿ. ಜಿಲ್ಲೆಯ ಲಸಿಕೆಯೆಲ್ಲ ಅಲ್ಲಿಂದಲೇ ಹೊರಡಬೇಕು. ಜನರೇಟರ್‌ಗೆ ಯಾವತ್ತೂ ಡೀಸೆಲ್ ಕಡಿಮೆ ಆಗದಿರಲಿ. ರಾತ್ರಿ ಎರಡಕ್ಕೆ ಕರೆಂಟ್ ಬಂದಾಗ ಗುಂಡಿ ಮುಟ್ಟದೆ ನಿಮಗೆ ಫೋನ್ ಮಾಡುವ ಹುಡುಗರು ಸಿಗಲಿ. ರಿಜಿಸ್ಟರಿನಲ್ಲಿ ನೀವು ಬರೆದ ನಿಜವನ್ನು ಓದಿ ಸಹಿ ಹಾಕುವ ಅಧಿಕಾರಿ ಸಿಗಲಿ. ಮಧ್ಯಾಹ್ನ ಊಟಕ್ಕೆ ಟೈಮ್ ಸಿಗಲಿ, ಇಲ್ಲಿ ಅದು ನಿಮಗೆ ಸಿಕ್ಕಿದ್ದು ಕಡಿಮೆ. ಮೊಣಕಾಲು ನೋವಿಗೆ ಮಾತ್ರೆ ನುಂಗಿ ಸುಮ್ಮನಾಗಬೇಡಿ, ಜಿಲ್ಲಾಸ್ಪತ್ರೆ ಹತ್ತಿರವೇ ಇದೆ, ತೋರಿಸಿ.

ನಾಳೆ ನಮ್ಮ ಇಂಡೆಂಟ್ ಬರುತ್ತದೆ, ಹೆಪಟೈಟಿಸ್ ಬಿ ಹತ್ತು ವಯಲ್ ಕೇಳಿದ್ದೇವೆ. ಸೋಮವಾರ ನಿಮ್ಮ ಕೈಯಿಂದಲೇ ಬಾಕ್ಸ್ ತುಂಬಿ ಕಳಿಸಿ ಮೇಡಂ. ಬಂದ ತಕ್ಷಣ ಉಷ್ಣಾಂಶ ನೋಡಿ, ಎಷ್ಟಿದೆಯೋ ಅಷ್ಟೇ ಬರೆದು ನಿಮಗೆ ಫೋನ್ ಮಾಡುತ್ತೇನೆ.